ಬೀಳ್ಕೊಡುಗೆಯ ಭಾಷಣದಲ್ಲಿ ಮುರಿದ ಬಲಗೈ

1999ರ ಕೊನೆಯಲ್ಲಿ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ವಾಹನಗಳ ತಯಾರಿಕೆ ಆರಂಭವಾದ ತರುವಾಯ, ಬೆಂಗಳೂರಿನ ಸುತ್ತಲಿನ ಬಿಡಿಭಾಗ ತಯಾರಕರಿಗೆ ಜಪಾನೀ ತಂತ್ರಜ್ಞರ ಒಡನಾಟ ಹೊಸದಾಗಿ ಉಳಿದಿಲ್ಲ. ಅವರನ್ನು ಸ್ವಾಗತಿಸುವುದು ಸುಲಭ. ಬೀಳ್ಕೊಡುವಾಗಲೇ ಮಾತು ತೊಡಕಾಗುತ್ತದೆ.

ಪೀಣ್ಯದ ಒಂದು ಪ್ರೆಸ್ ಕಾರ್ಖಾನೆಯಲ್ಲಿ 3 ವರ್ಷ ದುಡಿದ ಜಪಾನೀ ಸಹೋದ್ಯೋಗಿಯೊಬ್ಬರು ಸ್ವದೇಶಕ್ಕೆ ಹೊರಟಿದ್ದರು. ಮಾಲೀಕರು ತಮ್ಮ ಭಾಷಣವನ್ನು ಕನ್ನಡದಲ್ಲಿಯೇ ಬರೆದು ದುಭಾಷಿಗೆ ಮುಂಚಿತವಾಗಿ ಕಳುಹಿಸಿದರು. ಇದೊಂದು ವಿವೇಕದ ಕೆಲಸ. ಅನೇಕರು ಹೀಗೆ ಮಾಡುವುದಿಲ್ಲ. ಪ್ರತಿ ಮರಳಿ ಬಂದಾಗ ಮೂರು ವಾಕ್ಯಗಳ ಕೆಳಗೆ ಗೆರೆ ಎಳೆಯಲಾಗಿತ್ತು.

ಮೊದಲನೆಯದು, "ನೀವು ಹೊರಟರೆ ನಮ್ಮ ಬಲಗೈ ಮುರಿದಂತೆ." ಪ್ರೆಸ್ ಯಂತ್ರಗಳ ನಡುವೆ ಕೈಗೆ ಪೆಟ್ಟಾಗುವುದೇ ಎಲ್ಲಕ್ಕಿಂತ ದೊಡ್ಡ ಭಯ. ಅಂಥಲ್ಲಿ ಸುರಕ್ಷತೆಯ ಪಾಠ ಹೇಳಿದ ವ್ಯಕ್ತಿಗೆ ಈ ಮಾತು ಮೊದಲು ಅಪಘಾತದ ಸುದ್ದಿಯಾಗಿ ಕೇಳಿಸುತ್ತದೆ.

ಎರಡನೆಯದು, "ನಿಮ್ಮ ಋಣ ಏಳು ಜನ್ಮಕ್ಕೂ ತೀರದು." ಉಪಕಾರದ ಋಣಕ್ಕೆ ಜಪಾನೀ ಭಾಷೆಯಲ್ಲಿ 'ಓನ್' ಎಂಬ ಪದವಿದೆ. ಆದರೆ ಅವಸರದಲ್ಲಿ ದುಭಾಷಿಯ ಬಾಯಿಗೆ 'ಶಕ್ಕಿನ್' ಬಂದರೆ ಅದು ಬಡ್ಡಿಯ ಸಾಲ! ಏಳು ಜನ್ಮಕ್ಕೂ ತೀರದ ಸಾಲವನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪಲಾರನು.

ಮಾಲೀಕರು ಮೊದಲು ನೊಂದುಕೊಂಡರು. ಅಲಂಕಾರ ತೆಗೆದರೆ ಉಳಿಯುವುದೇನು ಎಂಬುದು ಅವರ ಪ್ರಶ್ನೆ. ದುಭಾಷಿ ಮರುಪ್ರಶ್ನೆ ಹಾಕಿದರು: "ಅವರು ನಿಜವಾಗಿ ಮಾಡಿದ್ದೇನು, ಸ್ವಾಮಿ?" ಆಗ ಹೊಸ ವಾಕ್ಯಗಳು ತಾವಾಗಿಯೇ ಹುಟ್ಟಿದವು. "ನೀವು ಬಂದಾಗ ಒಂದು ಡೈ ಬದಲಿಸಲು ನಮಗೆ 2 ಗಂಟೆ ಬೇಕಾಗಿತ್ತು. ಯಂತ್ರ ಓಡುತ್ತಿರುವಾಗಲೇ ಮುಂದಿನ ಡೈ, ಬೋಲ್ಟು, ಸ್ಪ್ಯಾನರುಗಳನ್ನು ಪಕ್ಕದಲ್ಲಿ ಸಿದ್ಧವಾಗಿಡಲು ನೀವು ಕಲಿಸಿದಿರಿ. ಇಂದು 25 ನಿಮಿಷ ಸಾಕು." ಒಂದೊಂದು ವಾಕ್ಯದ ನಂತರ ನಿಲ್ಲುವಂತೆ ಗುರುತು ಹಾಕಲಾಯಿತು. ಇದರಲ್ಲಿ ಅನುವಾದಕ್ಕೆ ಸಿಕ್ಕದ ಮಾತು ಒಂದೂ ಇಲ್ಲ, ಕೃತಜ್ಞತೆಯೂ ಕಡಿಮೆಯಾಗಿಲ್ಲ.

ಮೂರನೆಯದು "ಹೋಗಿ ಬನ್ನಿ." ಇದಕ್ಕೆ ಪದಶಃ ಸಮಾನವಾದ 'ಇತ್ತೆರಶ್ಶಾಯ್' ಜಪಾನಿನಲ್ಲಿ ಬಳಕೆಯಲ್ಲಿಯೇ ಇದೆ. ತೊಡಕು ಇರುವುದೂ ಅಲ್ಲಿಯೇ: ಕೆಲಸಕ್ಕೋ ಪ್ರವಾಸಕ್ಕೋ ಹೊರಟು ಮರಳಿ ಬರುವವರಿಗೆ ಮನೆಯವರು ಹೇಳುವ ಮಾತದು. ತನ್ನ ಮನೆಗೇ ಹಿಂದಿರುಗುವವನಿಗೆ ಅದು ಹೊಂದದು. ಇಂಗ್ಲಿಷಿಗೆ ತಿರುಗಿಸಿದರೆ ಆಜ್ಞೆಯಂತಾಗುತ್ತದೆ. ಮಾಲೀಕರು ಅದನ್ನು ಬಿಡಲು ಒಪ್ಪಲಿಲ್ಲ. ಕೊನೆಗೆ, ಆ ಒಂದು ಮಾತನ್ನು ಅನುವಾದಿಸದೆ ಕನ್ನಡದಲ್ಲಿಯೇ ಹೇಳುವುದೆಂದು ತೀರ್ಮಾನವಾಯಿತು.

ಸಮಾರಂಭದ ದಿನ ದುಭಾಷಿ ಅಲ್ಲಿ ಮೌನವಾಗಿ ನಿಂತರು. ಅತಿಥಿಗಳು ತಲೆಬಾಗಿ, ಕಾರ್ಮಿಕರಿಂದ ಎಂದೋ ಕಲಿತಿದ್ದ ಕನ್ನಡದಲ್ಲಿ, "ಬರ್ತೀನಿ" ಎಂದರು.