ಮಾರ್ಕ್‌ಡೌನ್ ಕೋಷ್ಟಕದಲ್ಲಿ ಪೈಪ್ ಮತ್ತು ಸಾಲುಮುರಿತ

2004ರಲ್ಲಿ ಜಾನ್ ಗ್ರೂಬರ್ ಹೊರತಂದ ಮಾರ್ಕ್‌ಡೌನ್‌ನಲ್ಲಿ ಕೋಷ್ಟಕ ಬರೆಯುವ ವ್ಯವಸ್ಥೆಯೇ ಇರಲಿಲ್ಲ. ಅದು ಆಮೇಲೆ ಬೇರೆಯವರು ಸೇರಿಸಿದ್ದು. ಇಂದು ಹೆಚ್ಚು ಬಳಕೆಯಲ್ಲಿರುವ ಗಿಟ್‌ಹಬ್ ರೂಪದಲ್ಲಿ ಪೈಪ್ ಎಂಬ ನಿಲುಗೆರೆ ಸೆಲ್‌ಗಳನ್ನು ಬೇರ್ಪಡಿಸುತ್ತದೆ, ಎಂಟರ್ ಒತ್ತಿದರೆ ಅಡ್ಡಸಾಲು ಮುಗಿಯುತ್ತದೆ. ಸೆಲ್‌ನ ಒಳಗೇ ಇವೆರಡು ಬೇಕಾದಾಗ ತೊಡಕು ಶುರುವಾಗುತ್ತದೆ.

ಲಿನಕ್ಸ್ ಆಜ್ಞೆಗಳ ಪಟ್ಟಿಯೊಂದನ್ನು ನೋಡಬಹುದು:

```
| ಆಜ್ಞೆ | ಕೆಲಸ |
| --- | --- |
| `ls | wc -l` | ಫೈಲುಗಳ ಎಣಿಕೆ |
```

ಬ್ಯಾಕ್‌ಟಿಕ್‌ಗಳ ನಡುವೆ ಇರುವುದರಿಂದ ಪೈಪ್ ಸುರಕ್ಷಿತ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಸಾಲನ್ನು ಸೆಲ್‌ಗಳಾಗಿ ಕತ್ತರಿಸುವ ಕೆಲಸ ಮೊದಲು ನಡೆಯುತ್ತದೆ. ಬ್ಯಾಕ್‌ಟಿಕ್‌ಗಳ ಸರದಿ ಬರುವುದು ಅನಂತರ. ಹಾಗಾಗಿ ಆಜ್ಞೆ ಎರಡು ಹೋಳಾಗಿ ಎರಡೂ ಸೆಲ್‌ಗಳನ್ನು ಆಕ್ರಮಿಸುತ್ತದೆ. ಮೂರನೆಯದಾಗಿ ಉಳಿದ ‘ಫೈಲುಗಳ ಎಣಿಕೆ’ಗೆ ಜಾಗವಿಲ್ಲದೆ ಅದು ಸದ್ದಿಲ್ಲದೆ ಮಾಯವಾಗುತ್ತದೆ. ದೋಷದ ಸಂದೇಶವೇನೂ ಬರುವುದಿಲ್ಲ. ಜೋಡಿ ತಪ್ಪಿದ ಬ್ಯಾಕ್‌ಟಿಕ್‌ಗಳು ತೆರೆಯ ಮೇಲೆ ಹಾಗೇ ಕಾಣಿಸಿಕೊಳ್ಳುವುದೊಂದೇ ಸುಳಿವು. ತಲೆಸಾಲಿನಲ್ಲಿ ಹೀಗಾದರೆ ತಪ್ಪು ಬೇಗ ಗೊತ್ತಾಗುತ್ತದೆ: ಅದರ ಸೆಲ್‌ಗಳ ಸಂಖ್ಯೆ ಕೆಳಗಿನ ಗೀಟುಸಾಲಿಗೆ ಹೊಂದದ ಕಾರಣ ಕೋಷ್ಟಕವೇ ಮೂಡುವುದಿಲ್ಲ.

ಪರಿಹಾರವೆಂದರೆ ಪೈಪ್‌ನ ಮುಂದೆ ಒಂದು ಬ್ಯಾಕ್‌ಸ್ಲ್ಯಾಶ್:

```
| `ls \| wc -l` | ಫೈಲುಗಳ ಎಣಿಕೆ |
```

ಬೇರೆಡೆ ಬ್ಯಾಕ್‌ಟಿಕ್‌ಗಳ ನಡುವಿನ ಬ್ಯಾಕ್‌ಸ್ಲ್ಯಾಶ್ ಇದ್ದಂತೆಯೇ ಅಚ್ಚಾಗುತ್ತದೆ. ಕೋಷ್ಟಕದಲ್ಲಿ ಮಾತ್ರ ಸೆಲ್ ಕತ್ತರಿಸುವ ಹಂತದಲ್ಲೇ ಅದು ಕಳಚಿಹೋಗಿ ಓದುಗರಿಗೆ ಬರಿಯ ಪೈಪ್ ಕಾಣುತ್ತದೆ. ಪ್ರೋಗ್ರಾಮಿಂಗ್‌ನ `||` ಚಿಹ್ನೆಗೆ ಎರಡು ಬ್ಯಾಕ್‌ಸ್ಲ್ಯಾಶ್ ಬೇಕು: `\|\|`. ಇದೇ ಆಜ್ಞೆಯನ್ನು ಕೋಷ್ಟಕದಿಂದ ಹೊರಗೆ ನಕಲಿಸುವಾಗ ಅವನ್ನು ತೆಗೆಯಲು ಮರೆಯಬಾರದು. ಪೈಪ್‌ನ ಬದಲು `&#124;` ಎಂಬ ಸಂಕೇತವನ್ನೂ ಬರೆಯಬಹುದು, ಆದರೆ ಬ್ಯಾಕ್‌ಟಿಕ್‌ಗಳ ನಡುವೆ ಹಾಕಿದರೆ ಆ ಸಂಕೇತವೇ ಅಕ್ಷರಶಃ ಕಾಣುತ್ತದೆ.

ಸಾಲುಮುರಿತಕ್ಕೆ ಬ್ಯಾಕ್‌ಸ್ಲ್ಯಾಶ್ ನೆರವಾಗದು. ಸಾಮಾನ್ಯ ಪ್ಯಾರಾದಲ್ಲಿ ಸಾಲಿನ ಕೊನೆಗೆ ಎರಡು ಸ್ಪೇಸ್ ಅಥವಾ ಒಂದು ಬ್ಯಾಕ್‌ಸ್ಲ್ಯಾಶ್ ಹಾಕಿ ಎಂಟರ್ ಒತ್ತಿದರೆ ಸಾಲು ಮುರಿಯುತ್ತದೆ. ಕೋಷ್ಟಕದಲ್ಲಿ ಹಾಗೆ ಮಾಡಿದರೆ ವಿವರಣೆಯ ಉಳಿದರ್ಧ ಹೊಸ ಅಡ್ಡಸಾಲಾಗಿ, ‘ಆಜ್ಞೆ’ ಅಂಕಣದಲ್ಲಿ ಹೋಗಿ ಕೂರುತ್ತದೆ. ಇಲ್ಲಿ ಎಚ್‌ಟಿಎಂಎಲ್ ಟ್ಯಾಗ್ ಒಂದನ್ನು ಎರವಲು ತರದೆ ವಿಧಿಯಿಲ್ಲ:

```
| `ls \| wc -l` | ಫೈಲುಗಳ ಎಣಿಕೆ<br>ಮರೆಮಾಡಿದವು ಸೇರಿಲ್ಲ |
```

ಬರಹದಲ್ಲಿ ಸಾಲು ಒಂದೇ, ತೆರೆಯ ಮೇಲೆ ಎರಡು. ಸುರಕ್ಷತೆಗಾಗಿ ಎಚ್‌ಟಿಎಂಎಲ್ ತಡೆಹಿಡಿಯುವ ತಂತ್ರಾಂಶಗಳಲ್ಲಿ ಈ ಟ್ಯಾಗ್ ಕೆಲಸ ಮಾಡದು. ಕೆಲವು ಕಡೆ `<br>` ಎಂಬ ಅಕ್ಷರಗಳೇ ಕಾಣಿಸುತ್ತವೆ. ಪ್ಯಾನ್‌ಡಾಕ್ ಮೂಲಕ ಪಿಡಿಎಫ್ ಮಾಡುವಾಗಲೂ ಸಾಮಾನ್ಯವಾಗಿ ಅದು ಬಿಟ್ಟುಹೋಗುತ್ತದೆ. ಆ ತಂತ್ರಾಂಶದಲ್ಲಿ ಕೂಡುಚಿಹ್ನೆ ಮತ್ತು ಅಡ್ಡಗೆರೆಗಳಿಂದ ಚೌಕಟ್ಟು ಕಟ್ಟುವ ‘ಗ್ರಿಡ್’ ಕೋಷ್ಟಕವೂ ಉಂಟು. ಅದನ್ನು ಟೈಪ್ ಮಾಡುವುದು ಬೇಸರದ ಕೆಲಸವೇ ಸರಿ, ಆದರೆ ಒಂದೇ ಸೆಲ್‌ನಲ್ಲಿ ಹಲವು ಪ್ಯಾರಾ, ಪಟ್ಟಿ ಎಲ್ಲವನ್ನೂ ಯಾವ ಟ್ಯಾಗ್‌ನ ಹಂಗಿಲ್ಲದೆ ಬರೆಯಬಹುದು.