ದುಬಾರಿ ಪುಟ್ ಮಾರಿ ಕಾಲ್ ಕೊಳ್ಳುವ ಲೆಕ್ಕ

ನಿಫ್ಟಿ 25,000ದಲ್ಲಿದೆ, ಎಕ್ಸ್‌ಪೈರಿಗೆ 30 ದಿನ ಬಾಕಿ ಇದೆ ಎಂದಿಟ್ಟುಕೊಳ್ಳಿ. ಸಾವಿರ ಅಂಕ ಕೆಳಗಿರುವ 24,000ದ ಪುಟ್‌ಗೆ ಸುಮಾರು 95 ರೂಪಾಯಿ. 800 ಅಂಕ ಮೇಲಿರುವ 25,800ರ ಕಾಲ್‌ಗೆ ಹೆಚ್ಚುಕಡಿಮೆ ಅಷ್ಟೇ, 94. ದೂರದಲ್ಲಿರುವ ಪುಟ್‌ಗೆ ಹತ್ತಿರದ ಕಾಲ್‌ನಷ್ಟೇ ಬೆಲೆ ಬಂದದ್ದು ಹೇಗೆ?

ಆಪ್ಷನ್ ಬೆಲೆಯೊಳಗೆ ಮಾರುಕಟ್ಟೆ ಮುಂದೆ ಎಷ್ಟು ಏರಿಳಿಯಬಹುದೆಂಬ ಅಂದಾಜು ಅಡಗಿರುತ್ತದೆ. ವ್ಯಾಪಾರಿಗಳು ಅದನ್ನು ಐವಿ ಎನ್ನುತ್ತಾರೆ. ನಮ್ಮ ಉದಾಹರಣೆಯಲ್ಲಿ ಪುಟ್‌ನ ಐವಿ ಶೇ. 16, ಕಾಲ್‌ನದು ಶೇ. 11.2. ಈ ಓರೆಯೇ ಸ್ಕ್ಯೂ. ಪುಟ್‌ಗೂ ಶೇ. 11.2 ಐವಿ ಹಾಕಿದರೆ ಅದರ ಬೆಲೆ 30 ರೂಪಾಯಿಯೂ ಆಗದು. ಉಳಿದದ್ದು ಭಯದ ಬೆಲೆ. ಅಮೆರಿಕದ ಷೇರುಪೇಟೆ 1987ರ ಅಕ್ಟೋಬರ್ 19ರಂದು ಒಂದೇ ದಿನ ಶೇ. 22ಕ್ಕೂ ಹೆಚ್ಚು ಕುಸಿದ ಮೇಲೆ ಸೂಚ್ಯಂಕದ ಪುಟ್‌ಗಳಿಗೆ ಅಂಟಿಕೊಂಡ ಈ ಭಯ ಇನ್ನೂ ಬಿಟ್ಟಿಲ್ಲ.

ಆ ಪುಟ್ ಮಾರಿ, ಬಂದ ಹಣದಲ್ಲಿ ಕಾಲ್ ಕೊಳ್ಳುವುದೇ ರಿಸ್ಕ್ ರಿವರ್ಸಲ್. ಕೈಯಿಂದ ಪ್ರೀಮಿಯಂ ಹೋಗದು, ಮಾರ್ಜಿನ್ ಮಾತ್ರ ಕಟ್ಟಬೇಕು. ಸ್ಟ್ರೈಕ್ ಆರಿಸುವಾಗ ಮೊದಲು ಪುಟ್ ಕಡೆ ನೋಡಬೇಕು. ತೀರಾ ಕೆಳಗಿನ ಸ್ಟ್ರೈಕ್‌ಗಳಲ್ಲಿ ಐವಿ ಇನ್ನೂ ಹೆಚ್ಚು ಕಾಣುತ್ತದೆ, ಆದರೆ ಕೈಗೆ ಸಿಗುವ ರೂಪಾಯಿ ಕಡಿಮೆ. ಐವಿ ಸಾಕಷ್ಟು ದುಬಾರಿಯಾಗಿದ್ದು, ಕಾಲ್‌ನ ಖರ್ಚು ತುಂಬುವಷ್ಟು ಪ್ರೀಮಿಯಂ ಕೊಡುವ, ಅಲ್ಲಿಗೆ ಪೇಟೆ ಇಳಿದರೂ ನಷ್ಟ ತಡೆದುಕೊಳ್ಳಬಲ್ಲೆ ಎನಿಸುವ ಸ್ಟ್ರೈಕ್ ಬೇಕು. ಆಮೇಲೆ ಆ ಹಣಕ್ಕೆ ಸಿಗುವ ಅತಿ ಹತ್ತಿರದ ಕಾಲ್ ಹುಡುಕಿದರಾಯಿತು. ಇಂದಿನ ಸ್ಕ್ಯೂವನ್ನು ಕಳೆದ ಕೆಲವು ತಿಂಗಳ ಸ್ಕ್ಯೂ ಜೊತೆ ಹೋಲಿಸಿ. ಎಂದಿನಷ್ಟೇ ಇದ್ದರೆ ವಿಶೇಷ ಲಾಭವೇನಿಲ್ಲ. ಚುನಾವಣೆ, ಬಜೆಟ್‌ನಂಥ ಕಾರಣಕ್ಕೆ ಉಬ್ಬಿದ್ದರೆ ಆ ಹೆಚ್ಚುವರಿ ಹಣ ಆ ದಿನದ ಅಪಾಯಕ್ಕೆ ಸಿಗುವ ಕೂಲಿ.

ಕೂಲಿ ಎಂದೆ, ಏಕೆಂದರೆ ಪುಕ್ಕಟೆ ಅಲ್ಲವೇ ಅಲ್ಲ. 2024ರ ಜೂನ್ 4ರಂದು, ಲೋಕಸಭಾ ಚುನಾವಣೆ ಮತ ಎಣಿಕೆಯ ದಿನ, ನಿಫ್ಟಿ ಸುಮಾರು ಶೇ. 5.9 ಕುಸಿಯಿತು. ನಮ್ಮ ಉದಾಹರಣೆಯಲ್ಲಿ ಮರುದಿನವೇ ಅಂಥ ಕುಸಿತ ಬಂದು ನಿಫ್ಟಿ 23,500ಕ್ಕೆ ಇಳಿದು, ಐವಿ ಶೇ. 24ಕ್ಕೆ ಏರಿದರೆ, 95ಕ್ಕೆ ಮಾರಿದ ಪುಟ್‌ನ ಬೆಲೆ ಸುಮಾರು 850 ಆಗುತ್ತದೆ. ಕಾಲ್‌ನಲ್ಲಿ ಹೆಚ್ಚೇನೂ ಉಳಿಯದು. ಬೆಲೆ ಇಳಿದದ್ದು ಒಂದು ಪೆಟ್ಟು, ಐವಿ ಏರಿದ್ದು ಇನ್ನೊಂದು, ಬ್ರೋಕರ್ ಹೆಚ್ಚು ಮಾರ್ಜಿನ್ ಕೇಳುವುದು ಮೂರನೆಯದು. ಬಹಳಷ್ಟು ಜನ ಇಲ್ಲಿಯೇ ಅತ್ಯಂತ ಕೆಟ್ಟ ಬೆಲೆಗೆ ಹೊರಬೀಳುತ್ತಾರೆ.

ಇದಕ್ಕೆ ತಡೆ ಬೇಕಿದ್ದರೆ 23,000ದ ಪುಟ್ ಒಂದನ್ನು ಕೊಳ್ಳಬಹುದು. ಅದರ ಐವಿ ಶೇ. 20 ಇದ್ದರೆ ಬೆಲೆ ಸುಮಾರು 37 ರೂಪಾಯಿ. ಆಗ ಕಾಲ್‌ಗೆ ಉಳಿಯುವುದು 58, ಅದಕ್ಕೆ ಸಿಗುವುದು 26,000ದ ಕಾಲ್. ಲಾಭದ ಬಾಗಿಲು 200 ಅಂಕ ಮೇಲಕ್ಕೆ ಹೋಗುತ್ತದೆ, ಆದರೆ ಎಕ್ಸ್‌ಪೈರಿಯಲ್ಲಿ ನಷ್ಟ ಸುಮಾರು ಸಾವಿರ ಅಂಕಕ್ಕೆ ನಿಲ್ಲುತ್ತದೆ. ಸಂಬಳದಿಂದ ಉಳಿಸಿದ ಹಣ ಹಾಕುವವರು ಈ 37 ರೂಪಾಯಿ ಉಳಿಸಲು ಹೋಗಬಾರದು.