ಒಂದೇ ಭಾನುವಾರ, ತಿಂಗಳ ಸ್ಕ್ರಿಪ್ಟ್

ತುಬಚಿಯಿಂದ ಮಾತಾಡಾಕತ್ತೀನಿ. ತಿಂಗಳಿಗೆ ಬೇಕಾದ 20 ಪುಟ್ಟ ಸ್ಕ್ರಿಪ್ಟ್ ಒಂದೇ ಸಲ ಕೂತು ಬರೆಯೋದು ಹೆಂಗ ಅಂತ ಇವತ್ತು ನೋಡೋಣ.

ಮೊದಲು ಥೀಮ್. ನಂದು ವಾರಕ್ಕೊಂದು ತಾಲ್ಲೂಕು: ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ. ಒಂದೊಂದಕ್ಕ ಐದು ವಿಷಯ. ಈಗಲೇ ಹುಕ್ ಬರೀಬ್ಯಾಡ್ರಿ. ಪ್ರತಿ ವಿಷಯಕ್ಕ ಒಂದು 'ಯಾಕ', ಅದರ ಉತ್ತರ ಒಂದು ಸಾಲು, ಅಷ್ಟ. ಉತ್ತರ ಸಿಗದ ವಿಷಯ ಹೊಡೆದು ಹಾಕ್ರಿ. ಇಲ್ಲಾಂದ್ರ ಹುಕ್ ಜೋರು, ಒಳಗ ಖಾಲಿ.

ಟೆಂಪ್ಲೇಟ್ ನಾಲ್ಕೇ ಸಾಲು: ಕಂಡದ್ದು, ಪ್ರಶ್ನೆ, ಕಾರಣ, ಕೇಳುವವರು ತಾವೇ ನೋಡಬಹುದಾದ ಒಂದು ಗುರುತು. "ಮುಧೋಳ ನಾಯಿ ನೋಡೀರಿ. ಅದರ ಮೈ ಅಷ್ಟು ತೆಳ್ಳಗ ಯಾಕ?" ಕಾರಣ, ಅದು ವಾಸನೆಗಿಂತ ಕಣ್ಣು ನಂಬಿ, ಓಡಿ ಹಿಡಿಯೋ ಬೇಟೆ ನಾಯಿ. ಗುರುತು, ಆಳವಾದ ಎದೆ, ಒಳಗ ಸರಿದ ಹೊಟ್ಟೆ.

ಅದೇ ಹುಕ್ ಜಮಖಂಡಿ ವಾರಕ್ಕೂ ನಡೀತದ. "ಬೆಲ್ಲ ತಿಂದೀರಿ. ಕುದಿಯೋ ಕಬ್ಬಿನ ಹಾಲಿಗೆ ಸುಣ್ಣ ಯಾಕ ಹಾಕ್ತಾರ?" ಹುಳಿ ಕಡಿಮೆಯಾಗಿ ಕೊಳೆ ನೊರೆ ಜೋಡಿ ಮೇಲೆ ಬರಲಿ ಅಂತ. ಗುರುತು, ಸುಣ್ಣ ಹೆಚ್ಚಾದ್ರ ಬೆಲ್ಲ ಕಪ್ಪಾಗ್ತದ.

ಹಂಗಂತ ಒಂದೇ ಹುಕ್ ಎಳೆದಾಡಬ್ಯಾಡ್ರಿ. ಎಲ್ಲಾ ಸ್ಕ್ರಿಪ್ಟಿನ ಮೊದಲ ಸಾಲು ಮಾತ್ರ ಸಾಲಾಗಿ ಜೋರಾಗಿ ಓದ್ರಿ, ಎಲ್ಲಿ ಬ್ಯಾಸರ ಬರ್ತದೋ ಕಿವಿಗೇ ಗೊತ್ತಾಗ್ತದ. ಮೂರು ಹುಕ್ ಇಟ್ಕೊಂಡು ಸರದಿ ಮಾಡೋದು ನನ್ನ ರೂಢಿ.

ಹೊಡೆದು ಹಾಕಿದ ಮ್ಯಾಲ 18 ಉಳಿದ್ರೂ ನಡೀತದ. ಹೊಳಿಗೆ ನೀರು ಬಂದದ್ದು, ಕಾರ್ಖಾನೆ ಶುರುವಾದದ್ದು ತಿಂಗಳ ಮೊದಲೇ ಬರೆಯಾಕ ಆಗಂಗಿಲ್ಲ. ಆ ಎರಡು ಜಾಗ ಅದಕ್ಕೇ ಇರಲಿ.